ಹೋಂ ಲೋನ್ ತಗೊಂಡವ್ರು ತೀರ್ಕೊಂಡಾಗ ಇನ್ಶೂರೆನ್ಸ್ ಕಂಪನಿಗೆ ನಾನು ಎರಡು ಸಲ ಬರೆದ ಲೆಟರ್ (ನನ್ನ ಅನುಭವ)

ನಾನು ತುಮಕೂರು ಕಡೆ ಒಂದು ಬ್ಯಾಂಕ್ ಬ್ರಾಂಚಲ್ಲಿ ಲೋನ್ ಸೆಕ್ಷನ್ ನೋಡ್ಕೊಳ್ತೀನಿ, ಬ್ಯಾಂಕ್ ಹೆಸರೂ ಇನ್ಶೂರೆನ್ಸ್ ಕಂಪನಿ ಹೆಸರೂ ಇಲ್ಲಿ ಬೇಡ. ಹೋಂ ಲೋನ್ ಜೊತೆಗೆ ಕೊಡೋ ಗ್ರೂಪ್ ಲೈಫ್ ಕವರ್‌ನ ಕ್ಲೇಮ್ ಲೆಟರ್ ಬರೆಯೋದು ನನ್ನ ಪಾಲಿಗೆ ಬಂದಿದ್ದು 2025ರ ಫೆಬ್ರವರಿಯಲ್ಲಿ. ಒಂದು ಪುಟದ ಲೆಟರ್ ಅಲ್ವಾ, ಹಳೇ ಫೈಲಿಂದ ಫಾರ್ಮ್ಯಾಟ್ ತೆಗೆದು ಹೆಸರು ಬದಲಾಯ್ಸಿ ಕಳ್ಸಿದ್ರಾಯ್ತು ಅಂದ್ಕೊಂಡಿದ್ದೆ. ಕಳ್ಸಿದೆ, ಹತ್ತು ದಿನಕ್ಕೆ ಮೂರು ಪ್ರಶ್ನೆ ಹೊತ್ಕೊಂಡು ವಾಪಸ್ ಬಂತು. ಎರಡನೇ ಸಲ ಕೂತು ಸರಿಯಾಗಿ ಬರೆದೆ, ಅದನ್ನೇ ಇಲ್ಲಿ ಹೇಳ್ತೀನಿ.

ಫೆಬ್ರವರಿ 3ಕ್ಕೆ ಒಬ್ಬ ಹೆಂಗಸು ಮೈದುನನ ಜೊತೆ ಬ್ರಾಂಚಿಗೆ ಬಂದ್ರು. ಕೈಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಮನೆಯ ಕಾಗದ ಪತ್ರ ಎಲ್ಲಾ. ಯಜಮಾನ್ರು ಪ್ರೈವೇಟ್ ಕಾಲೇಜಲ್ಲಿ ಲೆಕ್ಚರರ್, ಜನವರಿ 18ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ರು, ಆಸ್ಪತ್ರೆಲಿ ಎರಡು ದಿನ ಇದ್ರಂತೆ. "ಸಾರ್, ಲೋನಿಗೆ ಇನ್ಶೂರೆನ್ಸ್ ಮಾಡ್ಸಿದ್ದೀವಿ ಅಂತ ಅವ್ರು ಯಾವಾಗ್ಲೂ ಹೇಳ್ತಿದ್ರು, ಇನ್ನು ಕಂತು ಕಟ್ಟೋ ಹಾಗಿಲ್ಲ ಅಲ್ವಾ" ಅಂತ ಮೈದುನ ಕೇಳಿದ್ರು. ಆಗ ನಾನು ಹೂಂ ಅನ್ನೋ ತರ ತಲೆ ಆಡ್ಸಿದೆ, ಅದು ನನ್ನ ಮೊದಲ ತಪ್ಪು.

ಫೈಲ್ ತೆಗೆದ್ರೆ ಲೆಕ್ಕ ಹೀಗಿತ್ತು. 2021ರ ಸೆಪ್ಟೆಂಬರಲ್ಲಿ ಕಟ್ಟಿದ ಮನೆ ತಗೊಳ್ಳೋಕೆ 24 ಲಕ್ಷ ಲೋನ್, ಇನ್ಶೂರೆನ್ಸಿಗೆ ಒಂದೇ ಸಲ ಕಟ್ಟೋ ಪ್ರೀಮಿಯಂ ಕೂಡ ಅದ್ರಲ್ಲೇ ಸೇರಿತ್ತು, 7 ಪರ್ಸೆಂಟ್ ಬಡ್ಡಿ, 20 ವರ್ಷ, ಇಎಂಐ 18,607 ರೂಪಾಯಿ, ಮೊದಲ ಕಂತು ಅಕ್ಟೋಬರ್ 5ಕ್ಕೆ. ಹೆಂಡ್ತಿ ಕೋ-ಬಾರೋವರ್, ಆದ್ರೆ ಕವರ್ ಇದ್ದಿದ್ದು ಗಂಡನ ಜೀವಕ್ಕೆ ಮಾತ್ರ. ಈ ತರದ ಸ್ಕೀಮಲ್ಲಿ ಮಾಸ್ಟರ್ ಪಾಲಿಸಿ ಬ್ಯಾಂಕ್ ಹೆಸರಲ್ಲಿ ಇರುತ್ತೆ, ಸಾಲಗಾರರಿಗೆ ಬರೋದು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್, ನಾವು ಸಿಒಐ ಅಂತೀವಿ. ಅದು ಫೈಲಿನ ಕೊನೆಯಲ್ಲಿ ತುಕ್ಕು ಹಿಡಿದ ಪಿನ್ನಿಗೆ ಅಂಟ್ಕೊಂಡಿತ್ತು. ಎರಡು ಹಾಳೆ, ಮೊದಲನೇದ್ರಲ್ಲಿ ಹೆಸರು, ನಾಮಿನಿ, ಕವರ್ ಶುರುವಾದ ತಾರೀಖು 24-9-2021. ಎರಡನೇದ್ರಲ್ಲಿ ಸಣ್ಣಕ್ಷರದ ಟೇಬಲ್, ಒಂದರಿಂದ 240ರ ತನಕ ತಿಂಗಳು, ಪ್ರತಿ ತಿಂಗಳ ಎದುರಿಗೆ ಒಂದು ಮೊತ್ತ. ಆ ಎರಡನೇ ಹಾಳೆಯನ್ನ ನಾನು ಮೊದಲ ಸಲ ತಿರುಗ್ಸಿ ಕೂಡ ನೋಡ್ಲಿಲ್ಲ.

ಮೊದಲ ಲೆಟರಲ್ಲಿ ಏನ್ ಬರೆದೆ ಅಂದ್ರೆ, ಫೆಬ್ರವರಿ 20ಕ್ಕೆ ಲೋನ್ ಬಾಕಿ 23,00,154 ರೂಪಾಯಿ ಇದೆ, ದಯವಿಟ್ಟು ಪೂರ್ತಿ ಬಾಕಿ ಮೊತ್ತವನ್ನ ನಮ್ಮ ಲೋನ್ ಅಕೌಂಟಿಗೆ ಕಳ್ಸಿ ಅಂತ. ಲೆಟರ್ ಟೈಪ್ ಮಾಡಿದ ದಿನದ ತನಕ ಬಡ್ಡಿ ಸೇರ್ಸಿ ಸಿಸ್ಟಮ್ ತೋರ್ಸಿದ ಲೋನ್ ಕ್ಲೋಸ್ ಮಾಡೋ ಮೊತ್ತವೇ ಅದು, ಹಾಗೇ ಇಳ್ಸಿದ್ದೆ. ನನ್ ಹಿಂದಿನವ್ರು ಬಿಟ್ಟು ಹೋದ ಫಾರ್ಮ್ಯಾಟೂ ಅದೇ ತರ ಇತ್ತು.

ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ಡೆಸ್ಕಿಂದ ಒಂದು ಹುಡುಗಿ ಫೋನ್ ಮಾಡಿ ಒಂದೇ ಮಾತಲ್ಲಿ ಹೇಳಿದ್ಲು, "ಸಾರ್, ಸತ್ತ ದಿನದ ಬಾಕಿ ಕೊಡಿ, ಇವತ್ತಿಂದಲ್ಲ. ಮತ್ತೆ ನಾವು ಬಾಕಿ ಕೊಡಲ್ಲ, ಶೆಡ್ಯೂಲ್ ಕೊಡ್ತೀವಿ." ಶೆಡ್ಯೂಲ್ ಕೊಡ್ತೀವಿ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಆ ಎರಡನೇ ಹಾಳೆ ತಿರುಗ್ಸಿದ್ಮೇಲೆ.

ಇದು ರಿಡ್ಯೂಸಿಂಗ್ ಕವರ್. ಸಾಲ ಕರಗಿದ ಹಾಗೆ ಕವರ್ ಕೂಡ ಇಳೀತಾ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ, ನಾವೂ ಕಸ್ಟಮರಿಗೆ ಹಾಗೇ ಹೇಳಿ ಮಾರ್ತೀವಿ. ಆದ್ರೆ ಅದು ನಿಜವಾದ ಸಾಲದ ಜೊತೆ ಇಳಿಯಲ್ಲ, 2021ರಲ್ಲಿ 7 ಪರ್ಸೆಂಟ್ ಲೆಕ್ಕ ಹಾಕಿ ಪ್ರಿಂಟ್ ಮಾಡಿದ ಟೇಬಲ್ ಪ್ರಕಾರ ಇಳಿಯುತ್ತೆ. ಸಾಲ ಏನಾಯ್ತು ನೋಡಿ. ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, ಅಂದ್ರೆ ರೆಪೋ ರೇಟ್, 2022ರ ಮೇ ತಿಂಗಳಿಂದ ಏರೋಕೆ ಶುರುವಾಗಿ 4 ಪರ್ಸೆಂಟಿಂದ 2023ರ ಫೆಬ್ರವರಿಗೆ 6.5ಕ್ಕೆ ಹೋಯ್ತು, ಇವರ ಲೋನ್ ರೆಪೋಗೆ ಲಿಂಕ್ ಆಗಿದ್ರಿಂದ ಬಡ್ಡಿ 7ರಿಂದ 9.5 ಆಯ್ತು, ಇಎಂಐ ಮಾತ್ರ 18,607ರಲ್ಲೇ ನಿಂತಿತ್ತು. ಆಗ ಬಾಕಿ ಸುಮಾರು 23 ಲಕ್ಷ 43 ಸಾವಿರ, ಅದಕ್ಕೆ 9.5ರಲ್ಲಿ ತಿಂಗಳ ಬಡ್ಡಿನೇ 18,549. ಅಂದ್ರೆ ಲೆಕ್ಚರರ್ ಸಾಹೇಬ್ರು ತಿಂಗಳಿಗೆ ಹದಿನೆಂಟೂವರೆ ಸಾವಿರ ಕಟ್ಟಿದ್ರೂ ಅಸಲಿಗೆ ಹೋಗ್ತಿದ್ದದ್ದು 58 ರೂಪಾಯಿ. ಆರು ತಿಂಗಳು ಹೀಗೇ ನಡೀತು, ಆಮೇಲೆ 2023ರ ಅಕ್ಟೋಬರಿಂದ ಇಎಂಐಯನ್ನ 22,650ಕ್ಕೆ ಏರ್ಸಿದ್ವಿ, ಅವಾಗ ಅಸಲು ಮತ್ತೆ ಕರಗೋಕೆ ಶುರುವಾಯ್ತು. ಟೇಬಲಿಗೆ ಈ ಕಥೆ ಏನೂ ಗೊತ್ತಿಲ್ಲ, ಅದು ತನ್ನ ಪಾಡಿಗೆ ಪ್ರತಿ ತಿಂಗಳೂ ಇಳೀತಾನೇ ಇತ್ತು.

ಸರಿ, ಟೇಬಲಲ್ಲಿ ಯಾವ ಸಾಲು? ಇಲ್ಲೂ ಒಂದು ಸಲ ಎಡವಿದೆ. 2021ರ ಸೆಪ್ಟೆಂಬರಿಂದ 2025ರ ಜನವರಿ ತನಕ ಕ್ಯಾಲೆಂಡರ್ ತಿಂಗಳು ಬೆರಳಲ್ಲಿ ಎಣಿಸಿದ್ರೆ 41 ಆಗುತ್ತೆ, 41ನೇ ಸಾಲಲ್ಲಿ 21,93,092 ಇತ್ತು. ಆದ್ರೆ ಪಾಲಿಸಿ ತಿಂಗಳು ಒಂದನೇ ತಾರೀಖಿಂದ ಶುರುವಾಗಲ್ಲ, 24ರಿಂದ 23ರ ತನಕ. 2024ರ ಡಿಸೆಂಬರ್ 24ಕ್ಕೆ 39 ತಿಂಗಳು ಮುಗ್ದಿತ್ತು, ಜನವರಿ 18ಕ್ಕೆ ನಡೀತಿದ್ದದ್ದು 40ನೇ ತಿಂಗಳು, ಆ ಸಾಲಲ್ಲಿ 21,98,873. ವ್ಯತ್ಯಾಸ 5,781 ರೂಪಾಯಿ. ನಾವು ಕಮ್ಮಿ ಕೇಳಿದ್ರೆ ಕಂಪನಿಯವ್ರು ತಾವಾಗೇ ತಿದ್ದಿ ಜಾಸ್ತಿ ಕೊಡ್ತಾರೆ ಅಂತ ಇಟ್ಕೋಬಾರ್ದು, ಆ ಮೊತ್ತ ಆ ಮನೆಯವರ ತಲೆ ಮೇಲೇ ಕೂರುತ್ತೆ.

ಇನ್ನೊಂದು ಕಡೆ ಸಾವಿನ ದಿನದ ನಿಜವಾದ ಬಾಕಿ. ಜನವರಿ 5ರ ಕಂತು ಹೋದ್ಮೇಲೆ ಅಸಲು 22,72,940. ಜನವರಿ 5ರಿಂದ 18ಕ್ಕೆ 13 ದಿನ, ದಿನಕ್ಕೆ ಸುಮಾರು 592ರಂತೆ 7,691 ಬಡ್ಡಿ. ಈ ಬಡ್ಡಿ ಸಿಸ್ಟಮಲ್ಲಿ ಅಸಲಿಗೆ ಸೇರೋದು ತಿಂಗಳ ಕೊನೆಗೆ, ಹಾಗಾಗಿ ಜನವರಿ 18ರ ಸ್ಟೇಟ್ಮೆಂಟ್ ತೆಗೆದ್ರೆ ಬರೀ 22,72,940 ಕಾಣುತ್ತೆ, ಆವತ್ತಿನ ತನಕ ಆಗಿರೋ ಬಡ್ಡಿಯನ್ನ ನಾವೇ ಬೇರೆ ಲೆಕ್ಕ ಹಾಕಿ ತೋರಿಸ್ಬೇಕು. ಎರಡೂ ಸೇರಿ 22,80,631. ಕವರ್ 21,98,873. ಕೊರತೆ 81,758.

ಅಂದ್ರೆ ನಾನು ಮೊದಲ ಲೆಟರಲ್ಲಿ ಕೇಳಿದ್ದ 23 ಲಕ್ಷಕ್ಕೆ ಯಾವ ಆಧಾರನೂ ಇರ್ಲಿಲ್ಲ. ಅದಕ್ಕಿಂತ ಕೆಟ್ಟದ್ದು, ಆ ಲೆಟರಿನ ಕಾಪಿ ಆ ಅಮ್ಮನ ಕೈಲೂ ಇತ್ತು, ಪೂರ್ತಿ ಸಾಲ ತೀರುತ್ತೆ ಅಂತ ಅವ್ರು ನಂಬ್ಕೊಂಡು ಮನೇಲಿ ಎಲ್ಲರಿಗೂ ಹೇಳಿಬಿಟ್ಟಿದ್ರು.

ಎರಡನೇ ಪ್ರಶ್ನೆ ಇದಕ್ಕಿಂತ ಭಯ ಹುಟ್ಸೋದು. ಆಸ್ಪತ್ರೆಯ ಡೆತ್ ಸಮರಿಯಲ್ಲಿ ಮೇಲ್ಗಡೆ ಒಂದು ಸಾಲು ಇತ್ತು, ಪೇಷೆಂಟಿಗೆ ಆರು ವರ್ಷದಿಂದ ಡಯಾಬಿಟಿಸ್ ಇದೆ ಅಂತ. ಆರು ವರ್ಷ ಅಂದ್ರೆ 2019, ಕವರ್ ತಗೊಂಡಿದ್ದು 2021, ಅವಾಗ ಸೈನ್ ಮಾಡಿದ ಆರೋಗ್ಯದ ಡಿಕ್ಲರೇಷನಲ್ಲಿ ಡಯಾಬಿಟಿಸ್ ಎದುರಿಗೆ 'ಇಲ್ಲ' ಅಂತ ಟಿಕ್. ಕಂಪನಿಯವ್ರು ಇದ್ರ ಬಗ್ಗೆ ಟ್ರೀಟ್ಮೆಂಟ್ ಕೊಟ್ಟ ಡಾಕ್ಟರ್ ಸರ್ಟಿಫಿಕೇಟ್ ಕೇಳಿದ್ರು.

ಆ ಅಮ್ಮನನ್ನ ಕರ್ಸಿ ಕೇಳ್ದೆ. "ಶುಗರ್ ಇದ್ದಿದ್ದು ನಿಜ ಸಾರ್, ಆದ್ರೆ ಎರಡು ವರ್ಷದಿಂದ. ಆರು ಅಂತ ಯಾರು ಹೇಳಿದ್ರೋ" ಅಂದ್ರು. ಪಕ್ಕದಲ್ಲಿದ್ದ ಮೈದುನ ತಲೆ ತಗ್ಗಿಸ್ಕೊಂಡು, "ನಾನೇ ಅತ್ತಿಗೆ ಹೇಳಿದ್ದು, ಕ್ಯಾಶುವಾಲ್ಟಿಲಿ ಡಾಕ್ಟರ್ ಎಷ್ಟು ವರ್ಷದಿಂದ ಅಂತ ಕೇಳಿದ್ರು, ಗಾಬರಿಲಿ ಐದಾರು ವರ್ಷ ಇರ್ಬೋದು ಅಂದೆ" ಅಂದ. ಇದು ನಾನು ಆಮೇಲೂ ಎರಡು ಮೂರು ಫೈಲಲ್ಲಿ ನೋಡಿದ್ದೀನಿ, ರಾತ್ರಿ ಹೊತ್ತು ಪೇಷೆಂಟ್ ಕರ್ಕೊಂಡು ಬಂದವ್ರು ಬಾಯಿಗೆ ಬಂದಿದ್ದು ಹೇಳ್ತಾರೆ, ಡ್ಯೂಟಿ ಡಾಕ್ಟರ್ ಅದನ್ನೇ ಬರ್ಕೊಳ್ತಾರೆ, ಆ ಒಂದು ಸಾಲೇ ಆಮೇಲೆ ಕ್ಲೇಮಿಗೆ ಅಡ್ಡ ಬರುತ್ತೆ.

ಅವರ ಮನೆಯಲ್ಲಿ ಹುಡುಕ್ಸಿದ್ರೆ ಮೊದಲ ಪ್ರಿಸ್ಕ್ರಿಪ್ಷನ್ ಸಿಕ್ತು, 2022ರ ನವೆಂಬರ್, ಜೊತೆಗೆ ಅದೇ ವಾರದ ಬ್ಲಡ್ ರಿಪೋರ್ಟ್. ಊರಿನ ಡಾಕ್ಟರು ತಮ್ಮ ಹತ್ರ ಟ್ರೀಟ್ಮೆಂಟ್ ಶುರುವಾಗಿದ್ದು ಆವಾಗ್ಲೇ ಅಂತ ಲೆಟರ್‌ಹೆಡ್ಡಲ್ಲಿ ಬರ್ಕೊಟ್ರು. ಇಲ್ಲಿ ಒಂದು ಎಚ್ಚರಿಕೆ. ಬ್ಯಾಂಕ್ ಲೆಟರಲ್ಲಿ ನಾವು 'ಇವರಿಗೆ 2021ರಲ್ಲಿ ಶುಗರ್ ಇರಲಿಲ್ಲ' ಅಂತ ಬರೀಬಾರ್ದು, ನಮಗೇನ್ ಗೊತ್ತು, ನಾವು ಡಾಕ್ಟರಲ್ಲ. ನಾಮಿನಿ ಕೊಟ್ಟ ಡಾಕ್ಟರ್ ಸರ್ಟಿಫಿಕೇಟ್, ಪ್ರಿಸ್ಕ್ರಿಪ್ಷನ್ ಮತ್ತು ರಿಪೋರ್ಟನ್ನ ಲಗತ್ತಿಸಿದ್ದೇವೆ ಅಂತಷ್ಟೇ ಬರೆದೆ. ಆದ್ರೆ ಬ್ಯಾಂಕಿಗೆ ಗೊತ್ತಿರೋ ಒಂದು ವಿಷಯ ಇತ್ತು, ತಾರೀಖು. ಇನ್ಶೂರೆನ್ಸ್ ಆಕ್ಟ್ 1938ರ ಸೆಕ್ಷನ್ 45ರ ಪ್ರಕಾರ ಮೂರು ವರ್ಷ ದಾಟಿದ್ಮೇಲೆ ಪಾಲಿಸಿಯನ್ನ ಯಾವ ಕಾರಣಕ್ಕೂ ಪ್ರಶ್ನೆ ಮಾಡೋ ಹಾಗಿಲ್ಲ, ಸುಳ್ಳು ಮಾಹಿತಿ ಕೊಟ್ಟಿದ್ರು ಅಂತ ಕೂಡ. ಕವರ್ ಶುರುವಾಗಿದ್ದು 24-9-2021, ಮೂರು ವರ್ಷ ಮುಗಿದಿದ್ದು 2024ರ ಸೆಪ್ಟೆಂಬರ್ 24ರ ಹೊತ್ತಿಗೆ, ಸಾವು 18-1-2025. ಹೆಚ್ಚುಕಮ್ಮಿ ನಾಲ್ಕು ತಿಂಗಳ ಅಂತರ. ಇದೇ ಸಾವು ಹಿಂದಿನ ವರ್ಷ ಆಗಿದ್ರೆ ಆ ಒಂದು ಸಾಲಿನ ಮೇಲೆ ಇನ್ವೆಸ್ಟಿಗೇಷನ್ ನಡೆದು ತಿಂಗಳುಗಟ್ಟಲೆ ಎಳೀತಿತ್ತು. ಈ ಮೂರು ವರ್ಷವನ್ನ ಲೋನ್ ಸ್ಯಾಂಕ್ಷನ್ ತಾರೀಖಿಂದ ಎಣಿಸ್ಬೇಡಿ, ಕವರ್ ತಾರೀಖಿಂದ ಎಣಿಸಿ. ಕೆಲವು ಫೈಲಲ್ಲಿ ಎರಡರ ನಡುವೆ ಒಂದೆರಡು ತಿಂಗಳ ಗ್ಯಾಪ್ ಇರುತ್ತೆ.

ಮೂರನೇದು ಹೆಸರಿನದ್ದು, ನಮ್ಮ ಕಡೆ ಯಾವಾಗ್ಲೂ ಇರೋದೇ. ಸಿಒಐಯಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಡೆತ್ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿ ಇಷ್ಟುದ್ದ. ನೋಟರಿ ಹತ್ರ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡ್ಸಿ ಆಧಾರ್ ಕಾಪಿ ಸೇರ್ಸಿದ್ವಿ, ಮುಗೀತು.

ಈಗ ಎರಡನೇ ಲೆಟರ್. ಕಳ್ಸಿದ್ದು ಇಂಗ್ಲಿಷಲ್ಲಿ, ಇಲ್ಲಿ ಕನ್ನಡದಲ್ಲಿ ಹಾಕ್ತೀನಿ. ಸಬ್ಜೆಕ್ಟ್ ಲೈನಲ್ಲಿ ಮಾಸ್ಟರ್ ಪಾಲಿಸಿ ನಂಬರ್, ಸಿಒಐ ನಂಬರ್, ಲೋನ್ ಅಕೌಂಟ್ ನಂಬರ್ ಮೂರೂ ಬೇಕು, ಯಾಕಂದ್ರೆ ಅವರ ಸಿಸ್ಟಮಲ್ಲಿ ಹುಡುಕೋದು ಸಿಒಐ ನಂಬರಿಂದ, ದುಡ್ಡು ಬರೋದು ಲೋನ್ ಅಕೌಂಟಿಗೆ. ಆಮೇಲೆ ವಿಷಯ ಹೀಗೆ:

"ಮೇಲಿನ ಸದಸ್ಯರು 18-1-2025ರಂದು ನಿಧನರಾದರು. ಕವರ್ ಆರಂಭದ ದಿನಾಂಕ 24-9-2021. ಸಾವು ಸಂಭವಿಸಿದ್ದು 40ನೇ ಪಾಲಿಸಿ ತಿಂಗಳಲ್ಲಿ, ಶೆಡ್ಯೂಲಿನಂತೆ ಆ ತಿಂಗಳ ವಿಮಾ ಮೊತ್ತ 21,98,873 ರೂಪಾಯಿ. ಸಾವಿನ ದಿನಕ್ಕೆ ಸಾಲದ ಬಾಕಿ ಅಸಲು 22,72,940 ಮತ್ತು ಬಡ್ಡಿ 7,691, ಒಟ್ಟು 22,80,631 ರೂಪಾಯಿ. ಬಾಕಿಯು ವಿಮಾ ಮೊತ್ತಕ್ಕಿಂತ ಹೆಚ್ಚಿರುವುದರಿಂದ, ಸದಸ್ಯರು ಸಹಿ ಮಾಡಿದ ಅಧಿಕಾರ ಪತ್ರದಂತೆ 21,98,873 ರೂಪಾಯಿಯನ್ನು ಪೂರ್ತಿಯಾಗಿ ಸಾಲದ ಖಾತೆಗೆ ಪಾವತಿಸಲು ಕೋರುತ್ತೇವೆ. ನಾಮಿನಿಗೆ ಪಾವತಿಸಬೇಕಾದ ಉಳಿಕೆ ಮೊತ್ತ ಇಲ್ಲ."

ಇಷ್ಟೇ. ಬೇರೆ ಪ್ಯಾರಾದಲ್ಲಿ ಅವರ ಮೂರು ಪ್ರಶ್ನೆಗೆ ಮೂರು ಉತ್ತರ, ಸೆಕ್ಷನ್ 45ರ ಮಾತು ಎರಡೇ ಸಾಲು. ಕೆಳಗೆ ಲಗತ್ತುಗಳು: ಕ್ಲೇಮ್ ಫಾರ್ಮ್, ಡೆತ್ ಸರ್ಟಿಫಿಕೇಟ್, ಸಿಒಐ ಕಾಪಿ, ಡೆತ್ ಸಮರಿ ಮತ್ತು ಡಾಕ್ಟರ್ ಪೇಪರ್ಸ್, ನಾಮಿನಿಯ ಕೆವೈಸಿ, ಅಫಿಡವಿಟ್, ಮತ್ತೆ ಕ್ರೆಡಿಟ್ ಅಕೌಂಟ್ ಸ್ಟೇಟ್ಮೆಂಟ್. ಈ ಕೊನೇದು ಮಾಮೂಲಿ ಲೋನ್ ಸ್ಟೇಟ್ಮೆಂಟ್ ಅಲ್ಲ, ಸಾಲ ಎಷ್ಟು ಕೊಟ್ವಿ, ಎಷ್ಟು ವಾಪಸ್ ಬಂತು, ಸಾವಿನ ದಿನಕ್ಕೆ ಎಷ್ಟು ಉಳಿದಿತ್ತು ಅನ್ನೋದನ್ನ ಬ್ಯಾಂಕ್ ದೃಢೀಕರಿಸಿ ಕೊಡೋ ಪತ್ರ, ಮ್ಯಾನೇಜರ್ ಸೈನ್ ಸೀಲ್ ಬೇಕು. ಆಕ್ಸಿಡೆಂಟ್ ಕೇಸ್ ಆಗಿದ್ರೆ ಎಫ್‌ಐಆರ್, ಪೋಸ್ಟ್‌ಮಾರ್ಟಮ್ ರಿಪೋರ್ಟ್ ಕೂಡ ಬೇಕಾಗ್ತಿತ್ತು.

ಅಧಿಕಾರ ಪತ್ರ ಅಂದೆನಲ್ಲ, ಅದನ್ನ ಕಡೆಗಣಿಸ್ಬೇಡಿ. ಸಾಲದ ಬಾಕಿ ಎಷ್ಟಿದ್ಯೋ ಅಷ್ಟನ್ನ ಬ್ಯಾಂಕಿಗೆ ಕೊಡಿ ಅಂತ ಸಾಲಗಾರರು ಕವರ್ ತಗೊಳ್ಳುವಾಗ್ಲೇ ಸೈನ್ ಮಾಡಿದ ಕಾಗದ ಅದು. ಅದರ ಆಧಾರದ ಮೇಲೆ ಕಂಪನಿ ನಮಗೆ ನೇರವಾಗಿ ದುಡ್ಡು ಕೊಡುತ್ತೆ. ನಮ್ಮ ಫೈಲಲ್ಲಿ ಅದು ಪ್ರೊಪೋಸಲ್ ಫಾರ್ಮಿನ ಹಿಂದೆನೇ ಇತ್ತು, ಪುಣ್ಯ.

'ನಾಮಿನಿಗೆ ಉಳಿಕೆ ಇಲ್ಲ' ಅನ್ನೋ ಸಾಲು ಯಾಕೆ ಅಂತ ಮ್ಯಾನೇಜರ್ ಕೇಳಿದ್ರು. ಅದಕ್ಕೂ ಮುಂಚೆ ನಮ್ಮ ಪಕ್ಕದ ಬ್ರಾಂಚಲ್ಲಿ ಉಲ್ಟಾ ಕೇಸ್ ಆಗಿತ್ತು. ಅಲ್ಲಿ ಸಾಲಗಾರರು ಜಮೀನು ಮಾರಿ ಮಧ್ಯದಲ್ಲೇ ಆರು ಲಕ್ಷಕ್ಕಿಂತ ಜಾಸ್ತಿ ಕಟ್ಬಿಟ್ಟಿದ್ರು, ಶೆಡ್ಯೂಲಲ್ಲಿ 18 ಲಕ್ಷ ಚಿಲ್ಲರೆ ಕವರ್, ಬಾಕಿ 11 ಲಕ್ಷ. ಅಲ್ಲಿನ ಆಫೀಸರು ಅದೇ ಹಳೇ ಫಾರ್ಮ್ಯಾಟಲ್ಲಿ 'ಪೂರ್ತಿ ಮೊತ್ತ ಲೋನ್ ಅಕೌಂಟಿಗೆ ಹಾಕಿ' ಅಂತ ಡ್ರಾಫ್ಟ್ ಮಾಡಿದ್ರು. ಬ್ಯಾಂಕಿಗೆ ಹಕ್ಕಿರೋದು 11 ಲಕ್ಷಕ್ಕೆ ಮಾತ್ರ, ಉಳಿದ ಏಳು ಲಕ್ಷ ಕಂಪನಿ ನೇರ ನಾಮಿನಿಗೆ ಕೊಡ್ಬೇಕು. ಮನೆಯವರಿಗೆ ಎಷ್ಟೋ ಸಲ ಇದು ಗೊತ್ತೇ ಇರಲ್ಲ, ಸಾಲ ತೀರ್ತು ಅಂತ ಕೈ ಮುಗಿದು ಹೋಗ್ಬಿಡ್ತಾರೆ. ಹಾಗಾಗಿ ಉಳಿಕೆ ಇದ್ರೆ ಎಷ್ಟು ಅಂತ, ಇಲ್ದಿದ್ರೆ ಇಲ್ಲ ಅಂತ, ಲೆಟರಲ್ಲೇ ಬರಿಯೋದು ಈಗ ನನ್ನ ಪದ್ಧತಿ.

ಲೆಟರ್ ಹೋಗಿದ್ದು ಮಾರ್ಚ್ 12ಕ್ಕೆ. ಈ ನಡುವೆ ಲೋನ್ ಅಕೌಂಟಿನ ಪಾಡು ಬೇರೆ. ಅವರ ಸೇವಿಂಗ್ಸ್ ಅಕೌಂಟಲ್ಲಿ ದುಡ್ಡಿದ್ರೂ ತೀರ್ಕೊಂಡಿದ್ದಾರೆ ಅಂತ ಸಿಸ್ಟಮಲ್ಲಿ ಮಾರ್ಕ್ ಮಾಡಿದ ಕೂಡ್ಲೇ ಆಟೋ ಡೆಬಿಟ್ ನಿಂತೋಯ್ತು, ಫೆಬ್ರವರಿ 5ರ ಕಂತು ಹೋಗ್ಲಿಲ್ಲ, ಮಾರ್ಚ್ 5ರದ್ದೂ ಹೋಗ್ಲಿಲ್ಲ. ಕ್ಲೇಮ್ ನಡೀತಿದೆ ಅಂತ ಬಡ್ಡಿ ನಿಲ್ಲಲ್ಲ, ದಿನಕ್ಕೆ 592 ಬೀಳ್ತಾನೇ ಇರುತ್ತೆ, 90 ದಿನ ದಾಟಿದ್ರೆ ಅಕೌಂಟ್ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ ಅಂತ ಆಗುತ್ತೆ, ಕೋ-ಬಾರೋವರ್ ಆದ ಹೆಂಡ್ತಿಯ ಸಿಬಿಲ್ ಸ್ಕೋರ್ ಕೂಡ ಹಾಳಾಗುತ್ತೆ. ಮೈದುನ ಕೇಳಿದ 'ಇನ್ನು ಕಂತು ಕಟ್ಟೋ ಹಾಗಿಲ್ಲ ಅಲ್ವಾ' ಅನ್ನೋ ಪ್ರಶ್ನೆಗೆ ನಾನು ಅವತ್ತೇ ಹೇಳಬೇಕಾಗಿದ್ದ ಉತ್ತರ ಇದು, ದುಡ್ಡು ಬರೋ ತನಕ ಆಗುವಷ್ಟು ಕಟ್ತಾ ಇರಿ ಅಂತ. ಮಾರ್ಚಲ್ಲಿ ಆ ಅಮ್ಮನನ್ನ ಕೂರ್ಸಿ, 81,758ರ ಕೊರತೆ, ಅದರ ಮೇಲೆ ದಿನದ ಬಡ್ಡಿ, ಎಲ್ಲಾ ಒಂದು ಹಾಳೇಲಿ ಬರ್ದು ತೋರ್ಸಿ ತಪ್ಪಾಯ್ತು ಅಂತ ಹೇಳ್ದೆ. ಅವ್ರು ಸ್ವಲ್ಪ ಹೊತ್ತು ಆ ಹಾಳೆ ನೋಡಿ, "ಪೂರ್ತಿ ಅಂತ ನೀವೇ ಬರ್ದಿದ್ರಲ್ಲ ಸಾರ್" ಅಂದ್ರು. ಅದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ.

ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐಯ 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಇನ್ವೆಸ್ಟಿಗೇಷನ್ ಬೇಡದ ಡೆತ್ ಕ್ಲೇಮ್ 15 ದಿನದಲ್ಲಿ, ಬೇಕಾದ್ದು 45 ದಿನದಲ್ಲಿ ಸೆಟ್ಲ್ ಆಗ್ಬೇಕು. ನಮ್ಮದು ಏಪ್ರಿಲ್ 2ಕ್ಕೆ ಬಂತು, 21,98,873, ಒಂದು ರೂಪಾಯಿ ಹೆಚ್ಚಿಲ್ಲ ಕಮ್ಮಿಯಿಲ್ಲ. ಆವತ್ತಿಗೆ ಸಾವಿನ ದಿನದಿಂದ 74 ದಿನ, ಬಡ್ಡಿ ಸುಮಾರು 44 ಸಾವಿರ ಸೇರಿತ್ತು, ಹಾಗಾಗಿ ಲೋನಲ್ಲಿ ಸುಮಾರು ಒಂದೂಕಾಲು ಲಕ್ಷ ಉಳೀತು. ಅದರಲ್ಲಿ ಹದಿನೈದು ಇಪ್ಪತ್ತು ದಿನದ ಬಡ್ಡಿ ನನ್ನ ಮೊದಲ ಲೆಟರಿನ ಪುಣ್ಯ ಅಂತ ನನಗೆ ಗೊತ್ತು, ಅದನ್ನ ಬಿಡಿಸೋಕೆ ಮೇಲಿನ ಆಫೀಸಿಗೆ ಬರೆದೆ, ಆಗಲ್ಲ ಅಂತ ಬಂತು.

ಆ ಉಳಿದ ದುಡ್ಡನ್ನ ಅವ್ರು ಪಿಎಫ್ ಬಂದ್ಮೇಲೆ ಜೂನಲ್ಲಿ ಕಟ್ಟಿದ್ರು. ಕಾಲೇಜಿನವರು ಪಿಎಫ್ ಕಟ್ತಿದ್ರಿಂದ ಅದರ ಜೊತೆ ಇಡಿಎಲ್‌ಐ ಅಂತ ಇನ್ನೊಂದು ಇನ್ಶೂರೆನ್ಸ್ ಇರುತ್ತೆ, ಗರಿಷ್ಠ 7 ಲಕ್ಷದ ತನಕ, ಅದಕ್ಕೂ ಅರ್ಜಿ ಹಾಕಿ ಅಂತ ನಾನೇ ಹೇಳಿ ಕಳ್ಸಿದ್ದೆ. ಲೋನ್ ಕ್ಲೋಸ್ ಆದ ದಿನದಿಂದ 30 ದಿನದೊಳಗೆ ಒರಿಜಿನಲ್ ಪತ್ರ ವಾಪಸ್ ಕೊಡ್ಬೇಕು, ನಮ್ಮ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ 2023ರಲ್ಲೇ ಹೇಳಿದೆ, ಹಾಗಾಗಿ ಆ ಕೆಲಸ ಮಾತ್ರ ಬೇಗ ಆಯ್ತು. ಸೇಲ್ ಡೀಡ್ ಮತ್ತು ಬೇರೆ ಪತ್ರ ಎಣಿಸಿ ಕೊಟ್ಟು ರಿಜಿಸ್ಟರಲ್ಲಿ ಸೈನ್ ಹಾಕ್ಸಿದ್ವಿ, ಅಡಮಾನ ದಾಖಲಿಸೋ ಕೇಂದ್ರ ರಿಜಿಸ್ಟ್ರಿ ಸೆರ್ಸಾಯಿಯಲ್ಲಿ ನಮ್ಮ ಚಾರ್ಜ್ ತೆಗ್ಸಿದ್ವಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅಡಮಾನ ಬಿಡುಗಡೆ ಮಾಡ್ಸಿ ಹೊಸ ಇಸಿ ತೆಗೆದ್ರು.

ಎಲ್ಲಾ ಮುಗ್ದು ಎದ್ದಾಗ ಅವ್ರು ಮೊಬೈಲ್ ತೆಗೆದು ಒಂದು ಮೆಸೇಜ್ ತೋರ್ಸಿದ್ರು. ಯಜಮಾನ್ರ ಫೋನು, ರೆಪೋ ಇಳಿದಿದ್ರಿಂದ ನಿಮ್ಮ ಹೋಂ ಲೋನ್ ಬಡ್ಡಿ ಇಷ್ಟು ಕಮ್ಮಿ ಆಗಿದೆ ಅಂತ ಏಪ್ರಿಲಲ್ಲಿ ನಮ್ಮ ಬ್ಯಾಂಕಿಂದಲೇ ಬಂದಿದ್ದು. "ಇದು ಇನ್ನು ಬರದ ಹಾಗೆ ಮಾಡಿ ಸಾರ್" ಅಂದ್ರು. ಲೋನ್ ಕ್ಲೋಸ್ ಮಾಡಿದ್ವಿ, ಕಸ್ಟಮರ್ ಐಡಿಯಿಂದ ಮೊಬೈಲ್ ನಂಬರ್ ತೆಗೆಯೋಕೆ ಮರ್ತಿದ್ವಿ. ಅವ್ರು ಕೌಂಟರ್ ಹತ್ರ ನಿಂತಿರೋ ಹಾಗೇ ತೆಗ್ದೆ.